ಮದುಮಗಳನ್ನು ಒಂದು ಹಾಳೆಗೆ ಇಳಿಸುವುದು ಹೇಗೆ?

ಕ್ಲಾಸಿನಲ್ಲಿ ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಪಾಠ ಮುಗಿದಿದೆ. ನೋಟ್‌ಬುಕ್ಕಿನಲ್ಲಿ ಅರವತ್ತು ಪುಟ ತುಂಬಿದೆ. ತೆರೆದು ನೋಡಿದರೆ ಒಂದೇ ಪುಟದಲ್ಲಿ ಗುತ್ತಿ, ಪಾದ್ರಿ, ವಿವೇಕಾನಂದ, ಹುಲಿಕಲ್ಲು ನೆತ್ತಿ, ಜೊತೆಗೆ ಮೇಷ್ಟ್ರು ಹೇಳಿದ ಒಂದು ಜೋಕು. ಎಲ್ಲವೂ ಕೇಳಿದ ಕ್ರಮದಲ್ಲೇ ಇದೆ. ಪರೀಕ್ಷೆಯಲ್ಲಿ ಆ ಕ್ರಮದಲ್ಲಿ ಯಾರೂ ಕೇಳುವುದಿಲ್ಲ, ಅಲ್ವಾ? ‘ಚಿನ್ನಮ್ಮನ ಪಾತ್ರ ಚಿತ್ರಿಸಿ’ ಅಂತಲೋ, ‘ಸಂದರ್ಭ ಸೂಚಿಸಿ ಸ್ವಾರಸ್ಯ ವಿವರಿಸಿ’ ಅಂತಲೋ ಕೇಳುತ್ತಾರೆ. ಅದಕ್ಕೇ ನೋಟ್ಸನ್ನು ಒಂದು ಕೋಷ್ಟಕವಾಗಿ ಮರುಜೋಡಿಸಬೇಕು. ವರ್ಷಗಳಿಂದ ಈ ಕಾದಂಬರಿ ಪಾಠ ಮಾಡುತ್ತಿರುವ ನಾನು ಹುಡುಗರಿಗೆ ಹೇಳಿಕೊಡುವ ರೀತಿ ಇದು.

ಕೆಲಸ ಶುರುವಾಗುವುದು ಕ್ಲಾಸಿನಲ್ಲೇ. ಬರೆದುಕೊಳ್ಳುವಾಗ ಅಂಚಿನಲ್ಲಿ ಒಂದೊಂದು ಅಕ್ಷರ ಹಾಕುತ್ತಾ ಹೋಗಿ. ಪುಸ್ತಕದಿಂದ ಓದಿ ಹೇಳಿದ್ದಾದರೆ ‘ಪು’. ಮೇಷ್ಟ್ರ ಸ್ವಂತ ಮಾತಾದರೆ ‘ಮೇ’. ಯಾರೋ ವಿಮರ್ಶಕರದ್ದಾದರೆ ‘ವಿ’. ಗೊತ್ತಾಗದಿದ್ದರೆ ಪ್ರಶ್ನೆ ಚಿಹ್ನೆ. ಇದು ಸಣ್ಣ ಕೆಲಸ, ಆದರೆ ಮುಂದಿನದ್ದೆಲ್ಲ ನಿಂತಿರುವುದು ಇದರ ಮೇಲೆ. ‘ಇಲ್ಲಿ ಕಾಡೇ ನಾಯಕ’ ಅಂತ ನಾನು ಕ್ಲಾಸಿನಲ್ಲಿ ಒಮ್ಮೆ ಹೇಳಿದ್ದೆ. ಆ ವರ್ಷದ ಉತ್ತರ ಪತ್ರಿಕೆಗಳಲ್ಲಿ ಅದು ಉದ್ಧರಣ ಚಿಹ್ನೆಯೊಳಗೆ ಕೂತು, ‘ಎಂದು ಕುವೆಂಪು ಹೇಳುತ್ತಾರೆ’ ಅನ್ನುವ ಬಾಲ ಹಚ್ಚಿಕೊಂಡು ವಾಪಸ್ ಬಂತು. ಓದಿ ನಗು ಬಂತು, ಅಂಕ ಮಾತ್ರ ಕೊಡಲಾಗಲಿಲ್ಲ. ನಾಟಕ ನೋಡಿದವರಿಗೂ ಇದೇ ಅಪಾಯ. ಈ ಕಾದಂಬರಿಯನ್ನು ರಾತ್ರಿಯಿಡೀ ನಡೆಯುವ ರಂಗಪ್ರಯೋಗವಾಗಿ ನೋಡಿದವರು ಬಹಳ ಜನ. ರಂಗದ ಮೇಲೆ ಕೇಳಿದ ಹಾಡು ಕಾದಂಬರಿಯ ಸಾಲು ಅನ್ನಿಸಿಬಿಡುತ್ತದೆ.

ಈಗ ದೊಡ್ಡ ಹಾಳೆ ತೆಗೆದುಕೊಳ್ಳಿ. ಎ4 ಸಾಲುವುದಿಲ್ಲ. ಎರಡು ಅಂಟಿಸಿ, ಅಡ್ಡಲಾಗಿ ಇಟ್ಟುಕೊಳ್ಳಿ. ಎಡಗಡೆ ಮೇಲಿಂದ ಕೆಳಗೆ ಪಾತ್ರಗಳು, ಮೇಲ್ಗಡೆ ಎಡದಿಂದ ಬಲಕ್ಕೆ ವಿಷಯಗಳು.

ಪಾತ್ರಗಳ ಸಾಲಿನಲ್ಲೇ ಮೊದಲ ತೊಡಕು. ಬೇರೆ ಕಾದಂಬರಿಯಾದರೆ ನಾಯಕನನ್ನು ಮೇಲೆ ಬರೆದು, ಉಳಿದವರನ್ನು ಕೆಳಗೆ ಇಳಿಸುತ್ತಾ ಹೋಗಬಹುದು. ಇಲ್ಲಿ ಹಾಗೆ ಮಾಡಿದರೆ ಕಾದಂಬರಿಯ ವಿರುದ್ಧವೇ ಹೋದ ಹಾಗೆ. ಕಥೆ ಶುರುವಾಗುವ ಮೊದಲೇ ಅಲ್ಲಿ ಅಚ್ಚಾಗಿದೆ: ‘ಇಲ್ಲಿ ಯಾರೂ ಮುಖ್ಯರಲ್ಲ, ಯಾರೂ ಅಮುಖ್ಯರಲ್ಲ, ಯಾವುದೂ ಯಃಕಶ್ಚಿತವಲ್ಲ!’ ಇನ್ನು ಪಾತ್ರಗಳೋ, ಲೆಕ್ಕವಿಲ್ಲದಷ್ಟು. ಒಬ್ಬೊಬ್ಬರಿಗೆ ಒಂದೊಂದು ಸಾಲು ಕೊಟ್ಟರೆ ಹಾಳೆ ಗೋಡೆಯಷ್ಟಾಗುತ್ತದೆ. ನಾನು ಕಂಡುಕೊಂಡ ದಾರಿ, ಒಂದು ಸಾಲಿಗೆ ಒಂದು ಜೋಡಿ. ಗುತ್ತಿ ಮತ್ತು ತಿಮ್ಮಿ. ಮುಕುಂದಯ್ಯ ಮತ್ತು ಚಿನ್ನಮ್ಮ. ಐತ ಮತ್ತು ಪೀಂಚಲು. ಕಾದಂಬರಿಯೇ ಜೋಡಿಗಳನ್ನು ಒಂದರ ಪಕ್ಕ ಒಂದು ಇಟ್ಟು ತೋರಿಸುವುದರಿಂದ ಇದು ಹೊರಗಿನಿಂದ ಹೇರಿದ ಹಾಗೂ ಆಗುವುದಿಲ್ಲ. ಹಿರಿಯರಿಗೆ, ಅಂದರೆ ಗೌಡರು ಹೆಗ್ಗಡೆಯವರಿಗೆ, ಸೇರಿಸಿ ಒಂದು ಸಾಲು. ದೇವಯ್ಯ ಮತ್ತು ಪಾದ್ರಿಗೆ ಒಂದು. ಗುತ್ತಿಯ ನಾಯಿ ಹುಲಿಯನಿಗೂ ಒಂದು. ಆರು ಸಾಲು ಸಾಕು.

ವಿಷಯಗಳ ಕಡೆ ಬಂದರೆ, ಎಲ್ಲರೂ ಬರೆಯುವುದು ‘ಪ್ರೀತಿ’, ‘ಜಾತಿ’, ‘ಪ್ರಕೃತಿ’, ‘ಆಧುನಿಕತೆ’. ಬರೆಯುವುದು ಸುಲಭ, ತುಂಬಿಸುವುದು ಕಷ್ಟ. ‘ಪ್ರೀತಿ’ ಅನ್ನುವ ಕಾಲಮ್ಮಿನಲ್ಲಿ ಗುತ್ತಿಯ ಸಾಲಿಗೆ ಏನು ಬರೆಯುತ್ತೀರಿ? ‘ತಿಮ್ಮಿಯನ್ನು ಪ್ರೀತಿಸುತ್ತಾನೆ’ ಅಂತ. ಮುಕುಂದಯ್ಯನ ಸಾಲಿಗೆ? ‘ಚಿನ್ನಮ್ಮನನ್ನು ಪ್ರೀತಿಸುತ್ತಾನೆ.’ ಆಯಿತು, ಕೋಷ್ಟಕ ಸತ್ತುಹೋಯಿತು. ಅದರ ಬದಲು ಪ್ರಶ್ನೆಯನ್ನೇ ತಲೆಬರಹ ಮಾಡಿ. ‘ಪ್ರೀತಿ’ ಬದಲು ‘ಯಾರು, ಯಾರಿಂದ ಓಡಿಹೋಗುತ್ತಾರೆ?’ ‘ಜಾತಿ’ ಬದಲು ‘ಮದುವೆಗೆ ಯಾರ ಅಪ್ಪಣೆ ಬೇಕು?’ ‘ಪ್ರಕೃತಿ’ ಬದಲು ‘ಕಾಡು, ಹೊಳೆ ಏನು ಮಾಡುತ್ತವೆ?’ ‘ಆಧುನಿಕತೆ’ ಬದಲು ‘ಹೊಸದು ಏನು ಬಂತು?’ ಈಗ ಒಂದೊಂದು ಮನೆಗೂ ಬೇರೆ ಬೇರೆ ಉತ್ತರ ಬರುತ್ತದೆ.

ಮನೆ ತುಂಬುವಾಗ ನನ್ನದೊಂದು ಕಟ್ಟುನಿಟ್ಟು: ಗುಣವಾಚಕ ಬೇಡ, ಘಟನೆ ಬೇಕು. ‘ಚಿನ್ನಮ್ಮ ಧೈರ್ಯವಂತೆ’ ಅಂತ ಬರೆದರೆ ಪರೀಕ್ಷೆ ಹಾಲಿನಲ್ಲಿ ಅದರಿಂದ ಒಂದು ಸಾಲೂ ಬೆಳೆಯುವುದಿಲ್ಲ. ‘ಗೊತ್ತಾದ ಮದುವೆ ಬಿಟ್ಟು, ಪೀಂಚಲು ಜೊತೆ ರಾತ್ರಿ ಕಾಡು ಹತ್ತುತ್ತಾಳೆ’ ಅಂತ ಬರೆದರೆ ಧೈರ್ಯ ತಾನಾಗೇ ಬರುತ್ತದೆ, ಅದರ ಹಿಂದೆ ಒಂದು ಪ್ಯಾರಾ ಕೂಡ. ಘಟನೆಯ ಪಕ್ಕ ಪುಟ ಸಂಖ್ಯೆಗಿಂತ ಅಧ್ಯಾಯ ಬರೆದುಕೊಳ್ಳುವುದು ಒಳ್ಳೆಯದು. ಕಾದಂಬರಿ ಮೊದಲು ಬಂದದ್ದು 1967ರಲ್ಲಿ. ಆಮೇಲೆ ಎಷ್ಟೋ ಸಲ ಮರುಮುದ್ರಣವಾಗಿದೆ. ಲೈಬ್ರರಿ ಪ್ರತಿಯ ಪುಟಕ್ಕೂ ನಿಮ್ಮ ಪ್ರತಿಯ ಪುಟಕ್ಕೂ ತಾಳೆ ಆಗುತ್ತದೆ ಅನ್ನುವ ಹಾಗಿಲ್ಲ.

ಮೂರು ಸಾಲು ತುಂಬಿದರೆ ಹೀಗೆ ಕಾಣುತ್ತದೆ:

| | ಯಾರು, ಯಾರಿಂದ ಓಡಿಹೋಗುತ್ತಾರೆ? | ಮದುವೆಗೆ ಯಾರ ಅಪ್ಪಣೆ ಬೇಕು? | ಕಾಡು, ಹೊಳೆ ಏನು ಮಾಡುತ್ತವೆ? |
|---|---|---|---|
| ಗುತ್ತಿ, ತಿಮ್ಮಿ | ಒಡೆಯರ ಕಣ್ಣು ತಪ್ಪಿಸಿ ಗುತ್ತಿ ತಿಮ್ಮಿಯನ್ನು ಹಾರಿಸಿಕೊಂಡು ಹೋಗುತ್ತಾನೆ | ಇವನು ಸಿಂಬಾವಿಯ ಆಳು, ಅವಳು ಬೆಟ್ಟಳ್ಳಿಯವಳು. ಒಡೆಯರದ್ದು | ತುಂಗೆಯ ನೆರೆ ಹುಲಿಯನನ್ನು ಕೊಚ್ಚಿಕೊಂಡು ಹೋಗುತ್ತದೆ |
| ಮುಕುಂದಯ್ಯ, ಚಿನ್ನಮ್ಮ | ಗೊತ್ತಾದ ಮದುವೆಯಿಂದ ಚಿನ್ನಮ್ಮ ತಪ್ಪಿಸಿಕೊಳ್ಳುತ್ತಾಳೆ | ಅಪ್ಪನದ್ದು | ಹುಲಿಕಲ್ಲು ನೆತ್ತಿ ಅಡಗುವ ಜಾಗವಾಗುತ್ತದೆ |
| ಐತ, ಪೀಂಚಲು | (ಖಾಲಿ) | ಮದುವೆ ಆಗಿದೆ | ಪೀಂಚಲು ದಾರಿ ತೋರಿಸುತ್ತಾಳೆ |

ಈಗ ಓದುವ ರೀತಿ. ಅಡ್ಡ ಸಾಲಿನಲ್ಲಿ ಓದಿದರೆ ಪಾತ್ರಚಿತ್ರಣದ ಉತ್ತರ ಸಿಗುತ್ತದೆ. ಅದು ಎಲ್ಲರಿಗೂ ಗೊತ್ತು. ಹುಡುಗರು ಮಾಡದೇ ಬಿಡುವುದು ಮೇಲಿಂದ ಕೆಳಗೆ ಓದುವುದನ್ನು. ಎರಡನೇ ಕಾಲಮ್ಮು ನೋಡಿ. ಚಿನ್ನಮ್ಮನ ದಾರಿಗೆ ಅಡ್ಡ ನಿಂತಿರುವುದು ಅಪ್ಪ. ತಿಮ್ಮಿಯ ದಾರಿಗೆ ಒಡೆಯ. ಓಡುವುದು ಇಬ್ಬರೂ ಓಡುತ್ತಾರೆ, ಆದರೆ ಸಿಕ್ಕಿಬಿದ್ದರೆ ಆಗುವುದು ಒಂದೇ ಅಲ್ಲ. ಗೌಡರ ಮನೆಯ ಹುಡುಗಿ ಮನೆಗೆ ವಾಪಸ್ ಹೋಗುತ್ತಾಳೆ. ಆಳಿನ ಮನೆಯವಳು ಒಡೆಯನ ಸುಪರ್ದಿಗೆ. ‘ಕಾದಂಬರಿಯಲ್ಲಿ ಮದುವೆ ಮತ್ತು ಒಡೆತನ’ ಅಂತ ಹತ್ತು ಅಂಕದ ಪ್ರಶ್ನೆ ಬಂದರೆ ಉತ್ತರ ಅರ್ಧ ಬರೆದಾಯಿತು.

ಖಾಲಿ ಮನೆಯನ್ನೂ ಸುಮ್ನೆ ಬಿಡಬೇಡಿ. ಐತ, ಪೀಂಚಲು ಓಡಿಹೋಗುವುದಿಲ್ಲ. ಅವರ ಮದುವೆ ಆಗಿಹೋಗಿದೆ, ಸಂಸಾರ ನಡೆದಿದೆ. ಆದರೆ ಚಿನ್ನಮ್ಮ ತಪ್ಪಿಸಿಕೊಳ್ಳಲು ಆಗುವುದೇ ಪೀಂಚಲು ಇರುವುದರಿಂದ. ಕತ್ತಲಲ್ಲಿ ಕಾಡಿನ ದಾರಿ ಗೊತ್ತಿರುವವಳು ಅವಳು. ‘ಯಾರೂ ಅಮುಖ್ಯರಲ್ಲ’ ಅನ್ನುವ ಮಾತಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. ಅದು ಹೊಳೆದದ್ದು ಕೂಡ ಒಬ್ಬ ವಿದ್ಯಾರ್ಥಿನಿ ‘ಸರ್, ಈ ಮನೆಗೆ ಏನೂ ಸಿಗ್ತಿಲ್ಲ’ ಅಂತ ಹಾಳೆ ತಂದು ತೋರಿಸಿದಾಗ. ಆದರೆ ಎರಡು ರೀತಿ ಖಾಲಿ ಇರುತ್ತದೆ. ಕಾದಂಬರಿಯಲ್ಲೇ ಇಲ್ಲದ್ದು ಒಂದು. ನೀವು ಆ ದಿನ ಕ್ಲಾಸಿಗೆ ಬರದೇ ಇದ್ದದ್ದು ಇನ್ನೊಂದು. ಒಂದು ಸಾಲಿನಲ್ಲಿ ಎರಡು ಮೂರು ಮನೆ ಒಟ್ಟಿಗೆ ಖಾಲಿ ಇದ್ದರೆ ಸಾಮಾನ್ಯವಾಗಿ ಎರಡನೆಯದ್ದೇ. ಗೆಳೆಯರ ನೋಟ್ಸ್ ನೋಡಿ.

‘ಹೊಸದು ಏನು ಬಂತು?’ ಕಾಲಮ್ಮು ಜಾಸ್ತಿ ತುಂಬುವುದು ದೇವಯ್ಯ ಮತ್ತು ಪಾದ್ರಿಯ ಸಾಲಿನಲ್ಲಿ. ಬೈಸಿಕಲ್ಲು ಮಲೆನಾಡಿನವರ ಬಾಯಲ್ಲಿ ‘ಬೀಸೆಕಲ್ಲು’ ಆಗುವುದನ್ನು ಅಲ್ಲಿ ಬರೆಯಲೇಬೇಕು. ಒಂದೇ ಪದದಲ್ಲಿ ಹೊಸ ಕಾಲ ಊರಿಗೆ ಹೇಗೆ ಬಂತು ಅನ್ನುವುದು ಇದೆ: ಗೊತ್ತಿಲ್ಲದ ಚಕ್ರವನ್ನು ಅಡುಗೆಮನೆಯ ಗೊತ್ತಿರುವ ಕಲ್ಲಿಗೆ ಹೋಲಿಸಿಕೊಂಡುಬಿಟ್ಟರು.

ಇನ್ನು ಉದ್ಧರಣೆಗಳು. ಇವಕ್ಕೆ ಕೋಷ್ಟಕದ ಕೆಳಗೆ ಬೇರೆ ಪಟ್ಟಿ ಮಾಡಿ. ಅಂಚಿನಲ್ಲಿ ‘ಪು’ ಇರುವ ಸಾಲುಗಳಿಗೆ ಮಾತ್ರ ಇಲ್ಲಿ ಪ್ರವೇಶ. ಅದೂ ಪುಸ್ತಕ ತೆರೆದು ನೋಡಿದ ಮೇಲೆ. ಕೇಳಿ ಬರೆದದ್ದು ತಪ್ಪಾಗಿರುತ್ತದೆ, ಇದರಲ್ಲಿ ನಾಚಿಕೆ ಏನಿಲ್ಲ. ‘ಯಃಕಶ್ಚಿತವಲ್ಲ’ ಅನ್ನುವುದು ನೋಟ್‌ಬುಕ್ಕಿನಲ್ಲಿ ‘ಯಕಶ್ಚಿತ್ ಅಲ್ಲ’ ಆಗಿರುತ್ತದೆ. ಅದೇ ಮಾತುಗಳ ಕೊನೆಯಲ್ಲಿ ಬರುವ ‘ಇಲ್ಲಿ ಎಲ್ಲಕ್ಕೂ ಇದೆ ಅರ್ಥ, ಯಾವುದೂ ಅಲ್ಲ ವ್ಯರ್ಥ, ನೀರೆಲ್ಲ ಊ ತೀರ್ಥ!’ ಅನ್ನುವುದರಲ್ಲಿ ಆ ‘ಊ’ ಹತ್ತರಲ್ಲಿ ಎಂಟು ಜನರ ನೋಟ್ಸಿನಲ್ಲಿ ಮಾಯವಾಗಿರುತ್ತದೆ. ‘ನೀರೆಲ್ಲ ತೀರ್ಥ’ ಅಂತ ಬರೆದಿರುತ್ತಾರೆ. ‘ನೀರೆಲ್ಲವೂ’ ಅನ್ನುವುದನ್ನು ಹಾಗೆ ಬಿಡಿಸಿ, ಎಳೆದು ಇಟ್ಟಿರುವುದರಲ್ಲೇ ಇದೆ ಸ್ವಾರಸ್ಯ. ಗಟ್ಟಿಯಾಗಿ ಓದಿ ನೋಡಿ, ಬೇರೆಯೇ ಕೇಳಿಸುತ್ತದೆ.

ಒಂದೊಂದು ಉದ್ಧರಣೆಯ ಪಕ್ಕ ಮೂರು ಸಂಗತಿ ಬರೆಯಿರಿ: ಯಾರ ಮಾತು, ಯಾವಾಗ, ಕೋಷ್ಟಕದ ಯಾವ ಮನೆಗೆ ಸೇರುತ್ತದೆ. ಮೊದಲನೆಯದರಲ್ಲಿ ಎಡವುವವರು ಜಾಸ್ತಿ. ‘ಯಾರೂ ಮುಖ್ಯರಲ್ಲ’ ಅನ್ನುವುದನ್ನು ಗುತ್ತಿ ತಿಮ್ಮಿಗೆ ಹೇಳಿದ ಮಾತು ಅಂತ ಬರೆದದ್ದನ್ನು ನಾನೇ ನೋಡಿದ್ದೇನೆ. ಅದು ಯಾವ ಪಾತ್ರದ ಮಾತೂ ಅಲ್ಲ, ಕಥೆಯ ಹೊರಗೆ ನಿಂತಿರುವ ಮಾತು. ಮೂರನೆಯದ್ದು ಸಿಗದಿದ್ದರೆ, ಅಂದರೆ ಸಾಲು ಚೆನ್ನಾಗಿದೆ ಆದರೆ ಯಾವ ಮನೆಗೂ ಕೂರುತ್ತಿಲ್ಲ ಅಂದರೆ, ಬಿಟ್ಟುಬಿಡಿ. ‘ಇಲ್ಲಿ ಅವಸರವೂ ಸಾವಧಾನದ ಬೆನ್ನೇರಿದೆ!’ ಅನ್ನುವ ಸಾಲನ್ನು ಎಲ್ಲರೂ ಬರೆದುಕೊಂಡಿರುತ್ತಾರೆ, ಎಲ್ಲಿ ಬಳಸುವುದು ಅಂತ ಗೊತ್ತಿರುವುದಿಲ್ಲ. ನಾನಾದರೆ ಅದನ್ನು ಓಡಿಹೋಗುವ ಕಾಲಮ್ಮಿಗೆ ಬಾಣ ಎಳೆದು ಸೇರಿಸುತ್ತೇನೆ. ಪಾತ್ರಗಳಿಗೆ ಜೀವ ಹೋಗುವಷ್ಟು ಆತುರ. ಕಥೆ ಮಾತ್ರ ಮರ, ಹಕ್ಕಿ, ಮಳೆ ನೋಡಿಕೊಂಡು ನಿಧಾನವಾಗಿ ಹೆಜ್ಜೆ ಹಾಕುತ್ತದೆ. ಒಟ್ಟು ಎಂಟು ಉದ್ಧರಣೆ ಸಾಕು, ಚಿಕ್ಕವೇ ಇರಲಿ. ನಾಲ್ಕು ಸಾಲಿನದ್ದನ್ನು ತಪ್ಪಿಲ್ಲದೆ ನೆನಪಿಡುವವರು ಕಡಿಮೆ.

ಹಾಳೆ ಸರಿಯಾಗಿದೆಯಾ ಅಂತ ನೋಡಲು ಒಂದು ಕಾಲಮ್ಮನ್ನು ಸ್ಕೇಲಿನಿಂದ ಮುಚ್ಚಿ, ಒಳಗಿರುವುದನ್ನು ಬಾಯಲ್ಲಿ ಹೇಳಿ. ಹೇಳಲಾಗದ ಮನೆಗೆ ಪೆನ್ಸಿಲ್ಲಿನಲ್ಲಿ ಚುಕ್ಕೆ ಇಡಿ. ಮರುದಿನ ಚುಕ್ಕೆ ಇರುವ ಮನೆಗಳ ಅಧ್ಯಾಯ ಮಾತ್ರ ಓದಿ, ಇಡೀ ನೋಟ್‌ಬುಕ್ಕಲ್ಲ. ಮೂರು ದಿನ ಆದಮೇಲೂ ಒಂದು ಚುಕ್ಕೆ ಹೋಗದಿದ್ದರೆ, ಆ ಮನೆಯಲ್ಲಿ ಘಟನೆಯ ಬದಲು ಗುಣವಾಚಕ ಕೂತಿದೆಯಾ ನೋಡಿ. ಅಲ್ಲೇ ಇರುತ್ತದೆ ತೊಂದರೆ.

ಹುಲಿಯನಿಗೆ ಬೇರೆ ಸಾಲು ಯಾಕೆ ಅಂತ ಪ್ರತಿ ವರ್ಷ ಒಬ್ಬರಾದರೂ ಕೇಳುತ್ತಾರೆ. ನಾಯಿಯಿಂದಲೇ ಅವನು ನಾಯಿಗುತ್ತಿ. ಹೆಸರಿನಲ್ಲೇ ನಾಯಿ ಇರುವವನು ಅದನ್ನು ಹೊಳೆಗೆ ಕಳೆದುಕೊಂಡ ಮೇಲೆ ಆ ಮನೆಗೆ ಏನು ಬರೆಯಬೇಕು ಅನ್ನುವುದನ್ನು ಮಾತ್ರ ನಾನು ಯಾರಿಗೂ ಹೇಳಿಕೊಡುವುದಿಲ್ಲ. ಆ ಅಧ್ಯಾಯ ಓದಿಕೊಂಡು ಬಂದು ನೀವೇ ತುಂಬಿ.