ಗ್ಲೈಕೊಜೆನ್ ಪ್ರಶ್ನೆ ಮತ್ತು ನಾನು ಕೆಡಿಸಿಕೊಂಡ ನಿದ್ದೆ

ಪದವಿಯ ಎರಡನೆಯ ವರ್ಷದಲ್ಲಿ ಜೀವರಸಾಯನಶಾಸ್ತ್ರದ ಪರೀಕ್ಷೆಯ ಹಿಂದಿನ ರಾತ್ರಿ ನಾನು ಕಣ್ಣೆವೆ ಮುಚ್ಚದೆ ಓದಿದೆ. ಸಂಜೆ ಆರಕ್ಕೆ ಕುಳಿತವನು ಬೆಳಗಿನ ಆರರವರೆಗೆ ಎಂಟು ಅಧ್ಯಾಯಗಳನ್ನು ಮುಗಿಸಿದ್ದೆ, ಮತ್ತು ಮುಗಿಸಿದ್ದೇನೆ ಎಂಬ ಸಮಾಧಾನದಲ್ಲೇ ಪರೀಕ್ಷಾ ಕೊಠಡಿಗೆ ಹೋದೆ. ಅಲ್ಲಿ ಬಂದ ದೀರ್ಘ ಪ್ರಶ್ನೆಗಳಲ್ಲಿ ಒಂದು, ದೇಹವು ಸಕ್ಕರೆಯನ್ನು ಕೂಡಿಡುವ ರೂಪವಾದ ಗ್ಲೈಕೊಜೆನ್ ಅನ್ನು ಯಾವಾಗ ಕಟ್ಟುತ್ತದೆ, ಯಾವಾಗ ಒಡೆಯುತ್ತದೆ ಎಂಬುದರ ಬಗ್ಗೆ. ಅದನ್ನು ನಾನು ರಾತ್ರಿ ಎರಡು ಗಂಟೆಯ ಸುಮಾರಿಗೆ ಎರಡು ಸಲ ಓದಿದ್ದೆ. ಆ ಪುಟದ ಚಿತ್ರ, ಅದರ ಬಣ್ಣ, ಶೀರ್ಷಿಕೆ ಪುಟದ ಯಾವ ಮೂಲೆಯಲ್ಲಿತ್ತು ಎಂಬುದು ಕೂಡ ಕಣ್ಣ ಮುಂದಿತ್ತು. ಆದರೆ ಫಾಸ್ಫೇಟ್ ಸೇರಿದಾಗ ಕೆಲಸ ಆರಂಭಿಸುವುದು ಯಾವ ಕಿಣ್ವ, ನಿಲ್ಲಿಸುವುದು ಯಾವುದು ಎಂಬುದು ಮಾತ್ರ ತಿರುಗುಮುರುಗಾಗಿತ್ತು. ಗ್ಲೈಕೊಜೆನ್ ಒಡೆಯುವ ಫಾಸ್ಫೊರಿಲೇಸ್ ಫಾಸ್ಫೇಟ್ ಸೇರಿದಾಗ ಚುರುಕಾಗುತ್ತದೆ, ಕಟ್ಟುವ ಸಿಂಥೇಸ್ ಅದೇ ಫಾಸ್ಫೇಟ್ ಸೇರಿದಾಗ ತಣ್ಣಗಾಗುತ್ತದೆ; ನಾನು ಎರಡನ್ನೂ ಅದಲುಬದಲು ಮಾಡಿ, ಆ ತಪ್ಪಿನ ಮೇಲೆಯೇ ಎರಡು ಪುಟದ ಉತ್ತರವನ್ನು ಕಟ್ಟಿದೆ. ಇನ್ನೊಂದು ಪ್ರಶ್ನೆಯಲ್ಲಿ ‘ಯಾವುದು ಅಲ್ಲ’ ಎಂಬಲ್ಲಿನ ‘ಅಲ್ಲ’ ನನ್ನ ಕಣ್ಣಿಗೇ ಬಿದ್ದಿರಲಿಲ್ಲ. ಆ ವಿಷಯದಲ್ಲಿ ಅನುತ್ತೀರ್ಣನಾದೆ.

ಪೂರಕ ಪರೀಕ್ಷೆಗೆ ಆರು ವಾರಗಳಿದ್ದವು. ಓದಿದ್ದು ಸಾಲದಾಯಿತು ಎಂದೇ ನಾನು ಮೊದಲು ಭಾವಿಸಿದ್ದೆ. ನನ್ನ ಕೊಠಡಿಯಲ್ಲಿದ್ದ ಹಿರಿಯ ವಿದ್ಯಾರ್ಥಿಯೊಬ್ಬರು ನಾನು ಓದುವುದನ್ನು ಎರಡು ದಿನ ಗಮನಿಸಿ, “ಪುಸ್ತಕ ಮುಚ್ಚಿ ಹೇಳು ನೋಡೋಣ” ಎಂದರು. ಆಗತಾನೇ ಓದಿದ ಪುಟದಿಂದ ನಾಲ್ಕು ವಾಕ್ಯಗಳಿಗಿಂತ ಹೆಚ್ಚು ನನ್ನ ಬಾಯಿಂದ ಹೊರಡಲಿಲ್ಲ. ಪುಟವನ್ನು ನೋಡಿದೊಡನೆ ‘ಇದು ಗೊತ್ತು’ ಅನ್ನಿಸುವುದು ಬೇರೆ, ಪುಟವಿಲ್ಲದೆ ಅದನ್ನು ಹೊರತೆಗೆಯುವುದು ಬೇರೆ ಎಂಬುದು ಅಂದು ನನಗೆ ಸ್ಪಷ್ಟವಾಯಿತು. ರಾತ್ರಿಯಿಡೀ ಓದುವಾಗ ಹೆಚ್ಚುತ್ತಾ ಹೋಗುವುದು ಮೊದಲನೆಯದು, ಪರೀಕ್ಷೆ ಕೇಳುವುದು ಎರಡನೆಯದನ್ನು.

ಅದಾದ ಮೇಲೆ ನಿದ್ದೆಯ ಬಗ್ಗೆ ಓದಲು ಆರಂಭಿಸಿದೆ. 1924ರಲ್ಲಿ ಜೆಂಕಿನ್ಸ್ ಮತ್ತು ಡಾಲೆನ್‌ಬಾಕ್ ಎಂಬಿಬ್ಬರು ಸಂಶೋಧಕರು ಇಬ್ಬರು ವಿದ್ಯಾರ್ಥಿಗಳಿಗೆ ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ಕಲಿಸಿ, ಕೆಲವು ಗಂಟೆಗಳ ನಿದ್ದೆಯ ನಂತರ ಎಷ್ಟು ಉಳಿಯುತ್ತದೆ, ಅಷ್ಟೇ ಗಂಟೆ ಎಚ್ಚರವಿದ್ದಾಗ ಎಷ್ಟು ಉಳಿಯುತ್ತದೆ ಎಂದು ಅಳೆದಿದ್ದರು. ನಿದ್ದೆಯ ನಂತರ ಉಳಿದದ್ದೇ ಹೆಚ್ಚು. ಬಹಳ ಕಾಲ ಇದಕ್ಕೆ ಕೊಟ್ಟ ವಿವರಣೆ ಎಂದರೆ, ಮಲಗಿದವರ ತಲೆಗೆ ಹೊಸದೇನೂ ಬಂದು ಹಳೆಯದನ್ನು ಕಲಕುವುದಿಲ್ಲ ಎಂಬುದು. ಅದು ನಿಜ, ಆದರೆ ಅಷ್ಟೇ ಅಲ್ಲ. 1994ರಲ್ಲಿ ವಿಲ್ಸನ್ ಮತ್ತು ಮೆಕ್‌ನಾಟನ್ ಇಲಿಗಳ ಮಿದುಳಿನ ಹಿಪೋಕ್ಯಾಂಪಸ್ ಎಂಬ ಭಾಗದ ಜೀವಕೋಶಗಳನ್ನು ಗಮನಿಸಿ, ಓಡಾಡುವಾಗ ಒಟ್ಟಿಗೆ ಸ್ಪಂದಿಸಿದ್ದ ಕೋಶಗಳು ಆನಂತರದ ನಿದ್ದೆಯಲ್ಲಿಯೂ ಒಟ್ಟಿಗೆ ಸ್ಪಂದಿಸುವುದನ್ನು ತೋರಿಸಿದರು. ಅಂದರೆ ಮಲಗಿದ ಮಿದುಳು ಹಗಲಿನ ಪಾಠವನ್ನು ತನ್ನಷ್ಟಕ್ಕೆ ಮತ್ತೆ ಮತ್ತೆ ಓಡಿಸುತ್ತದೆ. ಹೊಸ ಸಂಗತಿಗಳನ್ನು ಬೇಗ ಹಿಡಿದಿಟ್ಟುಕೊಳ್ಳುವ ಹಿಪೋಕ್ಯಾಂಪಸ್‌ನಲ್ಲಿ ಈ ಪುನರಾವರ್ತನೆ ನಡೆಯುತ್ತಿರುವಾಗಲೇ ಮಿದುಳಿನ ಹೊರಪದರದಲ್ಲಿ ಗಾಢನಿದ್ರೆಯ ನಿಧಾನ ಅಲೆಗಳೂ, ಅವುಗಳ ಮೇಲೆ ಒಂದೆರಡು ಸೆಕೆಂಡುಗಳಷ್ಟು ಮಾತ್ರ ಇರುವ ಸ್ಪಿಂಡಲ್ ಎಂಬ ಚುರುಕಾದ ಅಲೆಗಳೂ ಏಳುತ್ತವೆ, ಮತ್ತು ಇವುಗಳ ಹೊಂದಾಣಿಕೆಯಲ್ಲಿಯೇ ನೆನಪು ಹೊರಪದರದಲ್ಲಿ ನಿಧಾನವಾಗಿ ಬೇರೂರುತ್ತದೆ ಎಂಬುದು ಇಂದು ಹೆಚ್ಚು ಒಪ್ಪಿತವಾಗಿರುವ ವಿವರಣೆ. ನಿಧಾನ ಅಲೆಗಳ ನಿದ್ದೆ ರಾತ್ರಿಯ ಮೊದಲ ಭಾಗದಲ್ಲಿ ಹೆಚ್ಚು. ನಾನು ಎಂಟು ಅಧ್ಯಾಯಗಳ ಹೊರೆಯನ್ನು ಹಿಪೋಕ್ಯಾಂಪಸ್‌ಗೆ ಹೊರಿಸಿ, ಅದನ್ನು ಇಳಿಸುವ ಸಮಯವನ್ನು ಪೂರ್ತಿಯಾಗಿ ಕಿತ್ತುಕೊಂಡಿದ್ದೆ. ಅದೂ ಒಂದನ್ನೊಂದು ಹೋಲುವ ಎರಡು ಕ್ರಿಯೆಗಳನ್ನು ಬೆನ್ನುಬೆನ್ನಿಗೆ ಓದಿ, ಅವು ಒಂದರ ಮೇಲೊಂದು ಕಲಸಿಕೊಳ್ಳಲು ಬಿಟ್ಟಿದ್ದೆ.

ಇದನ್ನು ಓದಿ ಒಪ್ಪಿಕೊಂಡರೂ ನನಗೊಂದು ಸಂದೇಹ ಉಳಿದಿತ್ತು. ನಿದ್ದೆಗೆಟ್ಟ ಮರುದಿನ ಉತ್ತರ ಹೊಳೆಯದಿರುವುದಕ್ಕೆ ಬರೀ ಆಯಾಸವೇ ಕಾರಣವಾಗಿರಬಹುದಲ್ಲವೇ? ನೆನಪು ಒಳಗೆ ಸುರಕ್ಷಿತವಾಗಿದ್ದು, ದಣಿದ ಮಿದುಳಿಗೆ ಅದನ್ನು ಹೊರತೆಗೆಯಲು ಮಾತ್ರ ಆಗದಿದ್ದರೆ, ಒಂದು ರಾತ್ರಿ ಚೆನ್ನಾಗಿ ಮಲಗಿದೊಡನೆ ಅದು ಮರಳಬೇಕು. ಈ ಎರಡು ಕಾರಣಗಳನ್ನು ಬೇರ್ಪಡಿಸುವ ದಾರಿ ಸಂಶೋಧಕರಿಗೆ ಗೊತ್ತಿದೆ: ಕಲಿತ ಮೊದಲ ರಾತ್ರಿ ಮಾತ್ರ ನಿದ್ದೆ ತಪ್ಪಿಸಿ, ಆಮೇಲೆ ಎರಡು ರಾತ್ರಿ ಪೂರ್ತಿ ಮಲಗಲು ಬಿಟ್ಟು, ಆಯಾಸ ಕಳೆದ ನಂತರ ಪರೀಕ್ಷಿಸುವುದು. 2000ದಲ್ಲಿ ಸ್ಟಿಕ್‌ಗೋಲ್ಡ್ ಮತ್ತು ಸಂಗಡಿಗರು ಕಣ್ಣಿನಿಂದ ಗುರುತಿಸುವ ಒಂದು ಕೌಶಲವನ್ನು ಹೀಗೆ ಪರೀಕ್ಷಿಸಿದಾಗ, ಮೊದಲ ರಾತ್ರಿ ಮಲಗದವರಲ್ಲಿ ಆನಂತರದ ಎರಡು ರಾತ್ರಿಗಳ ನಿದ್ದೆಯ ಬಳಿಕವೂ ಸುಧಾರಣೆ ಕಾಣಿಸಲಿಲ್ಲ. ಅದು ಕಣ್ಣಿನ ಕೌಶಲ, ನನ್ನದು ಓದಿದ ಸಂಗತಿಗಳ ವಿಷಯ. ಆದ್ದರಿಂದ ಅದೇ ವಿಧಾನವನ್ನು ನನ್ನ ಪಾಠದ ಮೇಲೆಯೇ ಪ್ರಯೋಗಿಸಲು ನಿರ್ಧರಿಸಿದೆ.

ಪಾಠದಿಂದ ಅರವತ್ತು ಚಿಕ್ಕ ಪ್ರಶ್ನೆಗಳನ್ನು ಚೀಟಿಗಳಲ್ಲಿ ಬರೆದು, ಕಲಸಿ, ಕಣ್ಣು ಮುಚ್ಚಿ ಎತ್ತಿ ಮೂವತ್ತರ ಎರಡು ಕಟ್ಟು ಮಾಡಿದೆ. ಸುಲಭದವೆಲ್ಲ ಒಂದೇ ಕಟ್ಟಿಗೆ ಹೋಗಬಾರದೆಂಬುದು ಉದ್ದೇಶ. ಮೊದಲ ವಾರದ ಸೋಮವಾರ ಸಂಜೆ ಒಂದು ಕಟ್ಟನ್ನು ಮೂವತ್ತಕ್ಕೆ 27 ಸರಿಯಾಗುವವರೆಗೆ ಕಲಿತು, ಹತ್ತೂವರೆಗೆ ಮಲಗಿ ಆರಕ್ಕೆ ಎದ್ದೆ. ಮುಂದಿನ ಸೋಮವಾರ ಇನ್ನೊಂದು ಕಟ್ಟನ್ನು ಅದೇ 27ರ ಮಟ್ಟಕ್ಕೆ ಕಲಿತು, ಆ ರಾತ್ರಿ ಮಾತ್ರ ಬೇರೆ ವಿಷಯ ಓದುತ್ತಾ ಎಚ್ಚರವಿದ್ದೆ. ಮಂಗಳವಾರ, ಬುಧವಾರ ಎಂದಿನಂತೆ ಮಲಗಿದೆ. ಎರಡು ವಾರವೂ ಮಂಗಳವಾರ ಬೆಳಿಗ್ಗೆ ಮತ್ತು ಗುರುವಾರ ಸಂಜೆ ಬಿಳಿ ಹಾಳೆಯ ಮೇಲೆ ಉತ್ತರ ಬರೆದೆ, ಗುರುವಾರದವರೆಗೆ ಸರಿ ತಪ್ಪು ನೋಡಲಿಲ್ಲ. ಮಲಗಿದ ವಾರದಲ್ಲಿ ಮಂಗಳವಾರ 24, ಗುರುವಾರ 23 ಸರಿಯಾಗಿದ್ದವು. ನಿದ್ದೆಗೆಟ್ಟ ವಾರದಲ್ಲಿ ಮಂಗಳವಾರ 14, ಗುರುವಾರ 16. ಅಂದರೆ ಆಯಾಸ ಕಳೆದ ಮೇಲೆ ಹಿಂತಿರುಗಿದ್ದು ಎರಡೇ ಉತ್ತರ. ಉಳಿದ ಅಂತರ ಹಾಗೆಯೇ ಇತ್ತು. ಒಬ್ಬನೇ ವ್ಯಕ್ತಿಯ, ಒಂದೊಂದು ಸಲದ ಅಳತೆಯಿದು. ಆ ರಾತ್ರಿ ಬೇರೆ ವಿಷಯ ಓದಿದ್ದರಿಂದ ಆದ ಕಲಬೆರಕೆಯನ್ನೂ ನಿದ್ದೆಯ ಕೊರತೆಯನ್ನೂ ಇದು ಬೇರ್ಪಡಿಸುವುದಿಲ್ಲ. ಆದರೆ ಪರೀಕ್ಷೆಯ ಹಿಂದಿನ ರಾತ್ರಿ ಎಚ್ಚರವಿರುವವರಿಗೆ ಎರಡೂ ಒಟ್ಟಿಗೇ ಬರುತ್ತವೆ, ಹಾಗಾಗಿ ನನ್ನ ನಿರ್ಧಾರಕ್ಕೆ ಅದು ಸಾಕಿತ್ತು.

ಆ ನಿದ್ದೆಗೆಟ್ಟ ರಾತ್ರಿ ನನ್ನನ್ನೇ ಗಮನಿಸಿಕೊಂಡದ್ದು ಕೂಡ ಉಪಯೋಗಕ್ಕೆ ಬಂತು. ಮೂರು ಗಂಟೆಯ ನಂತರ ಒಂದೇ ಸಾಲನ್ನು ಮೂರು ನಾಲ್ಕು ಸಲ ಓದುತ್ತಿದ್ದೆ. ಪೆನ್ನು ಹಾಳೆಯ ಮೇಲೆ ಅಡ್ಡಗೀಟು ಎಳೆದದ್ದು ಆಮೇಲೆ ಕಂಡಿತು, ಎಳೆದದ್ದು ತಿಳಿದಿರಲಿಲ್ಲ. ಕಣ್ಣು ತೆರೆದಿರುವಾಗಲೇ ಮಿದುಳು ಕೆಲವು ಸೆಕೆಂಡು ನಿದ್ದೆಗೆ ಜಾರುವ ಈ ಸ್ಥಿತಿಗೆ ಮೈಕ್ರೋಸ್ಲೀಪ್ ಎನ್ನುತ್ತಾರೆ. ಮೊದಲ ಪರೀಕ್ಷೆಯಲ್ಲಿ ಆ ‘ಅಲ್ಲ’ ತಪ್ಪಿಹೋದದ್ದು ಇಂಥದೇ ಗಳಿಗೆಯಲ್ಲಿ ಇರಬೇಕು. ಇನ್ನೂ ಮುಖ್ಯವಾದುದೆಂದರೆ, ಆ ಹೊತ್ತಿನಲ್ಲಿ ನನಗೆ ಚೆನ್ನಾಗಿಯೇ ಓದುತ್ತಿದ್ದೇನೆ ಅನ್ನಿಸುತ್ತಿತ್ತು. ನಿದ್ದೆ ಕಡಿಮೆಯಾದವರು ತಮ್ಮ ಕೊರತೆಯನ್ನು ತಾವೇ ಸರಿಯಾಗಿ ಅಂದಾಜಿಸಲಾರರು. ಆದ್ದರಿಂದ ನನ್ನ ಅನ್ನಿಸಿಕೆಯನ್ನು ಬಿಟ್ಟು, ಬಿಳಿ ಹಾಳೆಯನ್ನು ಮಾತ್ರ ನಂಬತೊಡಗಿದೆ. ಕಾಫಿ ಹೆಚ್ಚಿಸುವುದು ಎಚ್ಚರವನ್ನಷ್ಟೇ: ನಿದ್ದೆಯ ಒತ್ತಡ ಹುಟ್ಟಿಸುವ ಅಡೆನೊಸಿನ್‌ನ ಸಂಕೇತವನ್ನು ಅದು ತಡೆಯುತ್ತದೆ, ನಿದ್ದೆಯಲ್ಲಿ ನಡೆಯಬೇಕಾದ ಕೆಲಸವನ್ನು ಮಾಡಿಕೊಡುವುದಿಲ್ಲ. ಕುಡಿದ ಕೆಫೀನ್‌ನ ಅರ್ಧ ಭಾಗ ದೇಹದಿಂದ ಹೋಗಲು ಸುಮಾರು ಐದು ಗಂಟೆ ಬೇಕು, ಹಾಗಾಗಿ ಮಧ್ಯಾಹ್ನ ಎರಡರ ನಂತರ ಅದನ್ನು ನಿಲ್ಲಿಸಿದೆ.

ಉಳಿದ ನಾಲ್ಕು ವಾರ ಹೀಗೆ ಓದಿದೆ. ಸಂಜೆ ಏಳರಿಂದ ಒಂಬತ್ತರವರೆಗೆ ಹೊಸ ಪಾಠ. ನಂತರ ಪುಸ್ತಕ ಮುಚ್ಚಿ ಹದಿನೈದು ನಿಮಿಷ ಬಿಳಿ ಹಾಳೆಯ ಮೇಲೆ ನೆನಪಿನಿಂದ ಬರೆಯುವುದು, ತಪ್ಪಿದ್ದನ್ನು ಮಾತ್ರ ತಿದ್ದಿಕೊಳ್ಳುವುದು. ಆಮೇಲೆ ಅದನ್ನು ಹೋಲುವ ಯಾವ ಪಾಠವನ್ನೂ ತೆರೆಯುತ್ತಿರಲಿಲ್ಲ. ಗ್ಲೈಕೊಜೆನ್ ಕಟ್ಟುವುದನ್ನು ಒಂದು ಸಂಜೆ, ಒಡೆಯುವುದನ್ನು ಮರುಸಂಜೆ ಓದಿದೆ; ಮೂರನೆಯ ದಿನ ಮಾತ್ರ ಎರಡನ್ನೂ ಅಕ್ಕಪಕ್ಕ ಬರೆದು ಹೋಲಿಸಿದೆ. ಬೆಳಿಗ್ಗೆ ಎದ್ದು ಮುಖ ತೊಳೆದು ಅರ್ಧ ಗಂಟೆಯಾದ ಮೇಲೆ ಪುಸ್ತಕ ತೆರೆಯದೆಯೇ ಮತ್ತೆ ಬರೆಯುತ್ತಿದ್ದೆ. ಎದ್ದೊಡನೆ ಬರೆದರೆ ಮಂಪರಿನಿಂದಾದ ತಪ್ಪನ್ನೂ ಮರೆವೆಂದು ಲೆಕ್ಕ ಹಾಕಿದಂತಾಗುತ್ತದೆ. ಮೂರು ದಿನಗಳ ನಂತರ ಅದೇ ಪಾಠ ಇನ್ನೊಮ್ಮೆ. ಸಂಜೆ ಬರೆಯಲಾಗದ್ದು ಬೆಳಿಗ್ಗೆ ತಾನಾಗಿ ಬಂದದ್ದು ತೀರಾ ಅಪರೂಪ. ಅರ್ಥವಾಗದೆ ಉರು ಹೊಡೆದದ್ದನ್ನು ನಿದ್ದೆ ಅರ್ಥಮಾಡಿಸಿಕೊಡಲಿಲ್ಲ. ಅದು ಉಳಿಸಿಕೊಡುವುದು ಸಂಜೆ ಒಮ್ಮೆಯಾದರೂ ಸರಿಯಾಗಿ ಹೊರಬಂದದ್ದನ್ನು.

ಒಂದೇ ರಾತ್ರಿ ಉಳಿದಿರುವವರಿಗೆ ಈ ಕ್ರಮ ಪೂರ್ತಿಯಾಗಿ ಒದಗುವುದಿಲ್ಲ ಎಂಬುದು ನನಗೆ ಗೊತ್ತು. ಅಂಥ ಸಂದರ್ಭ ನನಗೂ ಆಮೇಲೊಮ್ಮೆ ಬಂತು. ಆಗ ಪಾಠದ ಮೂರನೆಯ ಎರಡು ಭಾಗವನ್ನು ಕೈಬಿಟ್ಟು, ಉಳಿದದ್ದನ್ನು ಹನ್ನೊಂದರವರೆಗೆ ಓದಿ, ನಾಲ್ಕೂವರೆಗೆ ಎದ್ದು ಬರೆದು ನೋಡಿಕೊಂಡೆ. ಬೆಳಗಿನ ಜಾವದವರೆಗೆ ಓದಿ ಎರಡು ಗಂಟೆ ಮಲಗುವುದಕ್ಕಿಂತ ಇದು ಮೇಲೆನ್ನಿಸಿತು: ಗಾಢನಿದ್ರೆಯ ಬಹುಭಾಗ ಉಳಿಯುತ್ತದೆ, ಗಾಢನಿದ್ರೆಯ ನಡುವೆ ಎಬ್ಬಿಸಿದಂತಾಗಿ ಮಂಪರಿನಲ್ಲಿ ಪರೀಕ್ಷೆಗೆ ಹೋಗುವುದೂ ತಪ್ಪುತ್ತದೆ.

ಪೂರಕ ಪರೀಕ್ಷೆಯ ಹಿಂದಿನ ರಾತ್ರಿ ಹತ್ತೂವರೆಗೆ ಮಲಗಿದರೂ ಆತಂಕದಿಂದ ನಿದ್ದೆ ಬಂದದ್ದು ಮಧ್ಯರಾತ್ರಿ ದಾಟಿ ಒಂದು ಗಂಟೆಯ ಸುಮಾರಿಗೆ. ದೀಪ ಹಾಕಿ ಓದಲು ಕೈ ತುಡಿಯಿತು, ಓದಲಿಲ್ಲ. ಅಂದಿನ ಪಾಠಗಳೆಲ್ಲ ಹಿಂದಿನ ಹಲವು ರಾತ್ರಿಗಳ ನಿದ್ದೆಯನ್ನು ಆಗಲೇ ಕಂಡಿದ್ದವು. ಆ ಒಂದು ರಾತ್ರಿ ನಿದ್ದೆ ಐದೇ ಗಂಟೆಗೆ ಇಳಿದರೂ ಅದು ಅವುಗಳನ್ನು ಅಳಿಸಲಾರದು ಎಂದು ತಿಳಿದಿದ್ದರಿಂದ ಸುಮ್ಮನೆ ಮಲಗಿಕೊಂಡಿದ್ದೆ. ಬೆಳಿಗ್ಗೆ ಮೂವತ್ತು ಚೀಟಿಗಳಲ್ಲಿ ನಾಲ್ಕು ತಪ್ಪಿದವು. ಆ ನಾಲ್ಕನ್ನು ಮಾತ್ರ ನೋಡಿಕೊಂಡು, ಏಳೂವರೆಗೆ ಪುಸ್ತಕ ಮುಚ್ಚಿ ಹೊರಟೆ.