ಸಿಟ್ರಿಕ್ ಆಸಿಡ್ ಕೈಕೊಟ್ಟಿತು, ಬರೀ ಬಿಸಿನೀರು ಕೆಲಸ ಮಾಡಿತು

ಕೂಲಂಟ್ ಜೆಲ್ಲಿಯಂತಾಗಿದ್ದ ಒಂದು ಗಾಡಿಯ ರೇಡಿಯೇಟರ್, ಒಳಗೆ ಬಿಸಿಗಾಳಿ ಕೊಡುವ ಹೀಟರ್ ಕೋರ್ ಎರಡನ್ನೂ ಬದಲಿಸದೆ ಗತಿಯಿಲ್ಲ ಅಂತ ಶೆಡ್ಡಿನಲ್ಲಿ ಎಲ್ಲರೂ ಹೇಳಿದ್ದರು. ಎರಡೂ ಇವತ್ತಿಗೂ ಅದೇ ಗಾಡಿಯಲ್ಲಿವೆ. ಅದಕ್ಕೇ ಬರೆಯುತ್ತಿದ್ದೇನೆ.

ಗಾಡಿ ಬಂದಾಗ ಟೆಂಪರೇಚರ್ ಮುಳ್ಳು ಏರುತ್ತಿತ್ತು, ಹೀಟರ್ ಹಾಕಿದರೆ ತಣ್ಣನೆ ಗಾಳಿ. ರಿಸರ್ವ್ ಟ್ಯಾಂಕಿನ ಮುಚ್ಚಳ ತೆಗೆದರೆ ಕಂದು ಬಣ್ಣದ ಲೋಳೆ, ಬೆರಳಿಗೆ ಜೆಲ್ಲಿಯಂತೆ ಅಂಟಿತು. ಹೆಡ್ ಗ್ಯಾಸ್ಕೆಟ್ ಹೋಗಿ ಆಯಿಲ್ ಸೇರಿದೆ ಅಂದರು. ಲೋಳೆಯನ್ನು ನೀರಿನಲ್ಲಿ ಕದಡಿ ನೋಡಿದೆ, ಮೇಲೆ ಎಣ್ಣೆ ಪದರ ತೇಲಲಿಲ್ಲ. ಡಿಪ್‌ಸ್ಟಿಕ್ಕೂ ಶುದ್ಧವಾಗಿತ್ತು. ಮಾಲೀಕರನ್ನು ಕೇಳಿದಾಗ ವಿಷಯ ಹೊರಬಿತ್ತು: ಒಳಗಿದ್ದದ್ದು ಹಳೆಯ ಹಸಿರು ಕೂಲಂಟ್, ಕಮ್ಮಿಯಾದಾಗ ಪಿಂಕ್ ಸುರಿದಿದ್ದಾರೆ, ಒಂದಲ್ಲ, ಮೂರು ಸಲ.

ಬಣ್ಣ ಬರೀ ಡೈ. ಇಂಥ ಕೆಮಿಸ್ಟ್ರಿಗೆ ಇಂಥದೇ ಬಣ್ಣ ಅನ್ನುವ ನಿಯಮ ಎಲ್ಲೂ ಇಲ್ಲ. ನೋಡಬೇಕಾದದ್ದು ಡಬ್ಬಿಯ ಮೇಲಿನ ಐಎಟಿ, ಒಎಟಿ, ಎರಡರ ಬೆರಕೆಯಾದ ಎಚ್‌ಒಎಟಿ ಅನ್ನುವ ಹೆಸರು ಮತ್ತು ಗಾಡಿಯ ಕೈಪಿಡಿಯಲ್ಲಿರುವ ಸ್ಪೆಕ್. ಹಳೇ ಕಾಲದ ಐಎಟಿಯಲ್ಲಿರುವ ಸಿಲಿಕೇಟ್ ಲೋಹದ ಮೇಲೆಲ್ಲ ಬೇಗ ಒಂದು ಪದರ ಕಟ್ಟುತ್ತದೆ, ಎರಡು ವರ್ಷದಲ್ಲಿ ಖರ್ಚಾಗಿಬಿಡುತ್ತದೆ. ಒಎಟಿಯ ಆರ್ಗಾನಿಕ್ ಆಸಿಡ್‌ಗಳು ತುಕ್ಕು ಶುರುವಾಗುವ ಜಾಗದಲ್ಲಷ್ಟೇ ಕೂರುತ್ತವೆ, ಐದು ವರ್ಷ ಬಾಳುತ್ತವೆ. ಸಿಲಿಕೇಟ್ ಕರಗಿಯೇ ಇರಬೇಕಾದರೆ ದ್ರವ ಸಾಕಷ್ಟು ಕ್ಷಾರವಾಗಿರಬೇಕು. ಕೂಲಂಟಿನ ಮೂಲ ದ್ರವವಾದ ಗ್ಲೈಕಾಲ್ ಹಳತಾದಂತೆ ಆಸಿಡ್ ಆಗುತ್ತಾ ಬರುತ್ತದೆ, ಅದರ ಮೇಲೆ ಪಿಎಚ್ ಕಮ್ಮಿ ಇರುವ ಒಎಟಿ ಸುರಿದರೆ ಸಿಲಿಕೇಟ್ ಜೆಲ್ ಆಗಿ ಹೊರಬೀಳುವ ಸಾಧ್ಯತೆ ಹೆಚ್ಚು.

ಇಷ್ಟು ಗೊತ್ತಿದ್ದೂ ಮೊದಲು ತಪ್ಪು ಮಾಡಿದವನು ನಾನೇ. ತುಕ್ಕಿಗೆ ಹಾಕುವ ಹಾಗೆ ಸಿಟ್ರಿಕ್ ಆಸಿಡ್ ಹಾಕಿ ಅರ್ಧ ಗಂಟೆ ಇಂಜಿನ್ ಓಡಿಸಿದೆ. ಕರಗಿರುವ ಸಿಲಿಕೇಟ್‌ಗೆ ಆಸಿಡ್ ತಗುಲಿದರೆ ಅದೂ ಜೆಲ್ಲೇ ಆಗುತ್ತದೆ. ಇಳಿಸಿದಾಗ ಲೋಳೆ ಮೊದಲಿಗಿಂತ ಗಟ್ಟಿಯಾಗಿತ್ತು. ಒಂದು ದಿನದ ಕೂಲಿ ಹೋಯಿತು, ಜೊತೆಗೆ ಹೊಸ ಥರ್ಮೋಸ್ಟ್ಯಾಟ್ ನನ್ನ ಕೈಯಿಂದ.

ಆಮೇಲೆ ಥರ್ಮೋಸ್ಟ್ಯಾಟ್ ತೆಗೆದಿಟ್ಟು, ಹೋಸ್‌ಗಳನ್ನು ಬಿಚ್ಚಿ, ರೇಡಿಯೇಟರ್‌ಗೆ ಕೆಳಗಿನಿಂದ ಮೇಲಕ್ಕೆ, ಅಂದರೆ ಕೂಲಂಟ್ ಹರಿಯುವುದಕ್ಕೆ ಉಲ್ಟಾ, ಕಡಿಮೆ ಒತ್ತಡದಲ್ಲಿ ಬಿಸಿನೀರು ಬಿಟ್ಟೆ. ಹೀಟರ್ ಕೋರ್‌ಗೆ ಬೇರೆಯಾಗಿ, ಎರಡೂ ಕಡೆಯಿಂದ ಸರದಿಯ ಮೇಲೆ. ಕೋರ್ ಒಳಗಿನ ಗಟ್ಟಿ ಉಂಡೆಯನ್ನು ಸಡಿಲಿಸಿದ್ದು ಹೇಗೆ ಅನ್ನುವುದನ್ನು ಮಾತ್ರ ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ, ಆ ಕೆಲಸದಿಂದಲೇ ನನಗೆ ಗಿರಾಕಿಗಳು ಬರುತ್ತಾರೆ. ಎಲ್ಲ ಜೋಡಿಸಿ, ನೀರು ತುಂಬಿ, ಹೀಟರ್ ಪೂರ್ತಿ ತೆರೆದು, ಇಂಜಿನ್ ಕಾಯಿಸಿ, ಆರಿದ ಮೇಲೆ ಇಳಿಸಿದೆ. ಹೀಗೆ ಐದೋ ಆರೋ ಸಲ. ಕೊನೆಯ ಎರಡು ಸಲ ಡಿಸ್ಟಿಲ್ಡ್ ವಾಟರ್. ಇಳಿಸಿದ್ದನ್ನೆಲ್ಲ ಮುಚ್ಚಳವಿರುವ ಕ್ಯಾನಿನಲ್ಲಿ ಹಿಡಿದೆ, ಗ್ಲೈಕಾಲ್ ಸಿಹಿ ಇರುವುದರಿಂದ ನಾಯಿ ಬೆಕ್ಕು ನೆಕ್ಕಿ ಸಾಯುತ್ತವೆ.

ತುಂಬುವಾಗ ಅನುಭವ ಇದ್ದವರೂ ಎಡವುತ್ತಾರೆ. ಈ ಗಾಡಿಗೆ ಹಿಡಿಯುವುದು ಸುಮಾರು 6 ಲೀಟರ್, ಡ್ರೈನ್ ಮಾಡಿದರೆ ಹೊರಬರುವುದು 4. ಉಳಿದ 2 ಲೀಟರ್ ನೀರು ಬ್ಲಾಕಿನಲ್ಲೇ ಇರುತ್ತದೆ. ಅದರ ಮೇಲೆ ಅರ್ಧ ನೀರು ಬೆರೆತೇ ಬರುವ ರೆಡಿಮಿಕ್ಸ್ 4 ಲೀಟರ್ ಸುರಿದರೆ ಒಳಗೆ ಸೇರುವ ಕಾನ್ಸಂಟ್ರೇಟ್ 2 ಲೀಟರ್ ಮಾತ್ರ, ಅರ್ಧದ ಬದಲು ಮೂರನೇ ಒಂದು ಭಾಗ. ನಾನು 3 ಲೀಟರ್ ಪಿಂಕ್ ಕಾನ್ಸಂಟ್ರೇಟ್ ಮೊದಲು ಹಾಕಿ, ಆಮೇಲೆ ಡಿಸ್ಟಿಲ್ಡ್ ವಾಟರ್‌ನಿಂದ ತುಂಬಿಸಿದೆ. ಏರ್ ತೆಗೆದು, ಓಡಿಸಿ, ರಿಫ್ರಾಕ್ಟೋಮೀಟರಿನಲ್ಲಿ ನೋಡಿದರೆ ಹೆಪ್ಪುಗಟ್ಟುವ ಉಷ್ಣತೆ ಮೈನಸ್ 35 ಡಿಗ್ರಿಯ ಆಸುಪಾಸು ತೋರಿಸಿತು.

ಇದರ ನಡುವೆ ಕುತೂಹಲಕ್ಕೆ ಅದೇ ಹಸಿರು, ಅದೇ ಪಿಂಕ್, ಎರಡೂ ಹೊಸ ಡಬ್ಬಿಯಿಂದ, ಗಾಜಿನ ಬಾಟಲಿಯಲ್ಲಿ ಸಮಸಮ ಬೆರೆಸಿಟ್ಟೆ. ವಾರವಾದರೂ ತಿಳಿಯಾಗಿಯೇ ಇತ್ತು. ಇನ್ನೊಂದು ಬಾಟಲಿಗೆ ಬೇರೆ ಗಾಡಿಯಿಂದ ಇಳಿಸಿದ ಹಳೇ ಹಸಿರು ಹಾಕಿ ಪಿಂಕ್ ಬೆರೆಸಿದೆ, ಮೂರನೇ ದಿನಕ್ಕೆ ತಳದಲ್ಲಿ ಮಬ್ಬು ಕೂತಿತು. ಹಾಗಾಗಿ ಬಾಟಲಿಯಲ್ಲಿ ಗಟ್ಟಿಯಾಗಲಿಲ್ಲ, ಬೆರೆಸಿದರೆ ತೊಂದರೆಯಿಲ್ಲ ಅಂತ ಯಾರಾದರೂ ತೋರಿಸಿದರೆ ನಾನು ಒಪ್ಪುವುದಿಲ್ಲ. ಜೆಲ್ ಆಗದಿದ್ದರೂ ಎರಡರಲ್ಲೂ ತುಕ್ಕು ತಡೆಯುವ ಇನ್‌ಹಿಬಿಟರ್ ಅರ್ಧರ್ಧಕ್ಕೆ ಇಳಿದಿರುತ್ತದೆ, ಐದು ವರ್ಷದ ಕೂಲಂಟ್ ಎರಡು ವರ್ಷಕ್ಕೆ ಇಳಿಯುತ್ತದೆ, ಅಲ್ಯೂಮಿನಿಯಂ ಸದ್ದಿಲ್ಲದೆ ಸವೆಯುತ್ತದೆ. ದಾರಿಯಲ್ಲಿ ಕಮ್ಮಿಯಾದರೆ ಬರೀ ಡಿಸ್ಟಿಲ್ಡ್ ವಾಟರ್ ಸ್ವಲ್ಪ ಹಾಕಿ ಅನ್ನುತ್ತೇನೆ, ಗೊತ್ತಿಲ್ಲದ ಬಣ್ಣ ಬೇಡ.

ಖರ್ಚು ಲೆಕ್ಕ ಹಾಕಿದರೆ ಕೂಲಂಟ್, ನೀರು, ಥರ್ಮೋಸ್ಟ್ಯಾಟ್, ಎರಡು ದಿನದ ಕೂಲಿ ಎಲ್ಲ ಸೇರಿ ಹೊಸ ರೇಡಿಯೇಟರ್ ಬೆಲೆಯ ಅರ್ಧವೂ ಆಗಲಿಲ್ಲ. ಹದಿನಾಲ್ಕು ತಿಂಗಳ ಮೇಲೆ ಅದೇ ಗಾಡಿ ಸರ್ವಿಸ್‌ಗೆ ಬಂತು. ರಿಸರ್ವ್ ಟ್ಯಾಂಕಿನ ಒಳಗೆ ಬಿಳಿ ಬಟ್ಟೆ ಆಡಿಸಿ ತೆಗೆದೆ, ಬಟ್ಟೆಗೆ ಪಿಂಕ್ ಬಣ್ಣ ಬಿಟ್ಟು ಬೇರೇನೂ ಹತ್ತಲಿಲ್ಲ.