ಒಂದು ಅಲ್ಪವಿರಾಮ, ಒಂದು ಚುಕ್ಕಿ: ಬಿಸಿಬೇಳೆಬಾತಿನ ಸ್ಕ್ರಿಪ್ಟ್ ಕಲಿಸಿದ ಪಾಠ

ಅಡುಗೆ ವಿಡಿಯೋಗಳಿಗೆ ನಾನು ಕಂಪ್ಯೂಟರ್ ದನಿ ಬಳಸುತ್ತೇನೆ. ಮೊದಲ ಸಲ ಬಿಸಿಬೇಳೆಬಾತಿನ ಸ್ಕ್ರಿಪ್ಟ್ ಹಾಕಿದಾಗ ದನಿ ಒಂದೇ ಉಸಿರಿಗೆ ಓದಿಬಿಟ್ಟಿತು. ಅಮ್ಮ ಕೇಳಿಸಿಕೊಂಡು, "ಬೇಳೆ ನೆನೆಸೋದು ಯಾವಾಗ, ಕುಕ್ಕರ್‌ಗೆ ಹಾಕೋದು ಯಾವಾಗ, ಒಂದೂ ಗೊತ್ತಾಗ್ಲಿಲ್ಲ ಕಣೋ" ಅಂದರು. ನಾನು ಬರೆದಿದ್ದು ಹೀಗಿತ್ತು:

"ತೊಗರಿಬೇಳೆಯನ್ನು ತೊಳೆದು 1/2 ಗಂಟೆ ನೆನೆಸಿ ಕುಕ್ಕರ್‌ನಲ್ಲಿ 3-4 ವಿಷಲ್ ಕೂಗಿಸಿ ತೆಗೆದಿಟ್ಟುಕೊಳ್ಳಿ."

ಇಲ್ಲಿ "ನೆನೆಸಿ" ಅನ್ನೋ ಪದ ನೋಡಿ. "ನೆನೆಸಿದ ಮೇಲೆ" ಅಂತಲೂ ಆಗುತ್ತದೆ, "ನೀವು ನೆನೆಸಿ" ಅಂತಲೂ ಆಗುತ್ತದೆ. ಕುದಿಸಿ, ಬೇಯಿಸಿ, ಸೇರಿಸಿ, ಬೆರೆಸಿ ಎಲ್ಲದರ ಕಥೆಯೂ ಇದೇ. ನಾವು ಮಾತಾಡುವಾಗ ದನಿ ಎಳೆದರೆ ಮಾತು ಮುಂದಿದೆ ಅಂತ, ಇಳಿಸಿದರೆ ಮುಗಿಯಿತು ಅಂತ ಕೇಳುವವರಿಗೆ ತಿಳಿಯುತ್ತದೆ. ಯಂತ್ರಕ್ಕೆ ಆ ಸುಳಿವು ಸಿಗೋದು ಹೆಚ್ಚಾಗಿ ವಿರಾಮಚಿಹ್ನೆಯಿಂದ. ಅಲ್ಪವಿರಾಮ ಇಟ್ಟರೆ ಸ್ವಲ್ಪ ತಡೆದು ಮುಂದೆ ಹೋಗುತ್ತದೆ, ಚುಕ್ಕಿ ಇಟ್ಟರೆ ದನಿ ಇಳಿಸಿ ನಿಲ್ಲುತ್ತದೆ. ಹಾಗಾಗಿ ಅಡುಗೆಯವರು ಒಂದು ಕೆಲಸ ಮುಗಿಸಿ ಇನ್ನೊಂದಕ್ಕೆ ಕೈ ಹಾಕುವ ಕಡೆಯೆಲ್ಲ ಚುಕ್ಕಿ ಇಟ್ಟೆ:

"ತೊಗರಿಬೇಳೆ ತೊಳೆದು, ಅರ್ಧ ಗಂಟೆ ನೆನೆಸಿ. ಆಮೇಲೆ, ಕುಕ್ಕರಿನಲ್ಲಿ ಮೂರು ನಾಲ್ಕು ವಿಷಲ್ ಕೂಗಿಸಿ. ತೆಗೆದು, ಪಕ್ಕಕ್ಕೆ ಇಟ್ಟುಕೊಳ್ಳಿ."

ಅಂಕಿಗಳನ್ನು ಅಕ್ಷರದಲ್ಲೇ ಬರೆದೆ. ಮೊದಲ ಸಲ "3-4" ಅನ್ನು ದನಿ "ಮೂರು ಮೈನಸ್ ನಾಲ್ಕು" ಅಂದಿತ್ತು. "ಟೀ.ಸ್ಪೂನ್" ಅಂತ ಬರೆದ ಕಡೆ "ಟೀ" ಆದ ಕೂಡಲೇ ವಾಕ್ಯ ಮುಗಿದಂತೆ ನಿಂತಿತು, ಅದನ್ನು "ಟೀ ಚಮಚ" ಮಾಡಿದೆ. "ತೆಗೆದಿಟ್ಟುಕೊಳ್ಳಿ" ಥರದ ಉದ್ದದ ಪದಗಳನ್ನು ಬಿಡಿಸಿ ಬರೆದರೆ ಒತ್ತು ಸರಿಯಾದ ಜಾಗಕ್ಕೆ ಬೀಳುತ್ತದೆ. ಹೀಗೆ ತಿದ್ದಿದ ಪ್ರತಿಯನ್ನು ದನಿಗೆ ಮಾತ್ರ ಬಳಸುತ್ತೇನೆ. ತೆರೆಯ ಮೇಲೆ ಬರುವ ಅಕ್ಷರಕ್ಕೆ ಹಳೆಯ ಪ್ರತಿಯೇ ಚೆಂದ, ಎರಡನ್ನೂ ಬೇರೆ ಬೇರೆ ಫೈಲಿನಲ್ಲಿ ಇಡುತ್ತೇನೆ.

ಒತ್ತು ಕೊಡಲು ಯಾವ ಚಿಹ್ನೆಯೂ ನನಗೆ ನೆರವಾಗಲಿಲ್ಲ. ಉದ್ಗಾರ ಚಿಹ್ನೆ ಇಟ್ಟರೆ ನನ್ನ ದನಿ ಸುಮ್ನೆ ಕೂಗಿದಂತಾಗುತ್ತಿತ್ತು. ಕನ್ನಡದಲ್ಲಿ ಆ ಕೆಲಸವನ್ನು ಪದವೇ ಮಾಡುತ್ತದೆ. "ಕೊನೆಯಲ್ಲಿ ತುಪ್ಪ ಹಾಕಿ" ಬದಲು "ತುಪ್ಪವನ್ನು ಕೊನೆಯಲ್ಲೇ ಹಾಕಿ" ಅಂತ ಬರೆದೆ. ಒತ್ತಬೇಕಾದ ಪದ ಕ್ರಿಯಾಪದದ ಪಕ್ಕಕ್ಕೆ ಬಂತು, ಜೊತೆಗೆ ಆ "ಏ" ಸೇರಿತು. ಆಗ ಚಪ್ಪಟೆ ದನಿಯಲ್ಲೂ ಅರ್ಥ ಎದ್ದು ಕೇಳುತ್ತದೆ.

ಒಗ್ಗರಣೆ ಸಿಡಿಯುವ ಹೊತ್ತಿಗೆ ಉದ್ದದ ಮೌನ ಬೇಕಿತ್ತು. ಎಸ್‌ಎಸ್‌ಎಮ್‌ಎಲ್ ಅನ್ನೋ, ದನಿಗೆ ಸೂಚನೆ ಬರೆಯುವ ಗುರುತು ಭಾಷೆಯನ್ನು ಒಪ್ಪುವ ದನಿಯಾದರೆ ಇಷ್ಟು ಸಾಕು:

```
<break time="800ms"/>
```

ಒಪ್ಪದ ದನಿ ಇದನ್ನೇ ಗಟ್ಟಿಯಾಗಿ ಓದಿಬಿಡಬಹುದು, ಮೊದಲು ಒಂದು ಸಾಲಿನಲ್ಲಿ ಪರೀಕ್ಷಿಸಿ.

ಹುಮ್ಮಸ್ಸಿನಲ್ಲಿ ಅಲ್ಪವಿರಾಮ ಜಾಸ್ತಿ ಇಟ್ಟು ಒಮ್ಮೆ ಕೆಡಿಸಿದ್ದೆ. ಎರಡೆರಡು ಪದಕ್ಕೆ ತಡೆದು ತಡೆದು ಬಿಕ್ಕಳಿಸಿದಂತೆ ಓದಿತು. ಈಗ ಮೊದಲು ನಾನೇ ಗಟ್ಟಿಯಾಗಿ ಓದುತ್ತೇನೆ, ಉಸಿರು ತೆಗೆದುಕೊಂಡ ಕಡೆ ಮಾತ್ರ ಗುರುತು ಹಾಕುತ್ತೇನೆ. ಕೊನೆಗೆ ಅಮ್ಮ ಒಲೆಯ ಮುಂದೆ ನಿಂತು, ತೆರೆ ನೋಡದೆ, ಬರೀ ದನಿ ಕೇಳಿ ಅಡುಗೆ ಮಾಡುತ್ತಾರೆ. ಅವರು "ಇನ್ನೊಂದ್ಸಲ ಹಾಕು" ಅಂದ ವಾಕ್ಯವನ್ನು ಮತ್ತೆ ತಿದ್ದುತ್ತೇನೆ.